ಎರಡನೇ ದಿನಕ್ಕೇ ಸೆಪ್ಸಿಸ್, ಆಂಪಿ-ಜೆಂಟಾ ಹಿಡೀತಿಲ್ಲ. ಮುಂದೇನು?

ಪಿಜಿ ಎರಡನೇ ವರ್ಷ

ಎಲ್ಲರಿಗೂ ನಮಸ್ಕಾರ. ನಾನು ಪೀಡಿಯಾಟ್ರಿಕ್ಸ್ ಪಿಜಿ. ಸದ್ಯ ಒಂದು ಜಿಲ್ಲಾಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ ಪೋಸ್ಟಿಂಗ್. ಒಂದು ಕೇಸ್ ಬಗ್ಗೆ ನಮ್ಮ ಯೂನಿಟ್‌ನಲ್ಲೇ ಎರಡು ಅಭಿಪ್ರಾಯ ಇದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

35 ವಾರದ ಮಗು, ತೂಕ 1.9 ಕೆಜಿ. ತಾಯಿಗೆ ನೀರು ಒಡೆದು 26 ಗಂಟೆ ಆಗಿತ್ತು. ತಾಲ್ಲೂಕಿನಿಂದ ಕಳಿಸಿದ್ದರು, ಬರುವಷ್ಟರಲ್ಲಿ ನಾಲ್ಕೈದು ಸಲ ಒಳ ಪರೀಕ್ಷೆ ಆಗಿತ್ತು. ಮಗು ಹುಟ್ಟಿದ ತಕ್ಷಣ ಅಳಲಿಲ್ಲ, ಬ್ಯಾಗ್-ಮಾಸ್ಕ್ ಕೊಡಬೇಕಾಯಿತು. 20ನೇ ಗಂಟೆಗೆ ಹಾಲು ಚೀಪುವುದು ಕಡಿಮೆಯಾಯಿತು. ಮೈ ತಣ್ಣಗೆ, 35.8 ಡಿಗ್ರಿ. ಉಸಿರು ನಿಮಿಷಕ್ಕೆ 68. ಕಲ್ಚರ್ ತೆಗೆದು ಆಂಪಿಸಿಲಿನ್, ಜೆಂಟಾಮೈಸಿನ್ ಶುರು ಮಾಡಿದೆವು. ಆಗ ಸಿಆರ್‌ಪಿ ನಾರ್ಮಲ್ ಇತ್ತು.

ಈಗ 44ನೇ ಗಂಟೆ. ಹೊಟ್ಟೆ ಉಬ್ಬಿದೆ. ಒಮ್ಮೆ ಉಸಿರು ನಿಂತಿತ್ತು, ತಟ್ಟಿದ ಮೇಲೆ ಬಂತು. ಕ್ಯಾಪಿಲರಿ ರೀಫಿಲ್ 4 ಸೆಕೆಂಡ್. ಸಿಆರ್‌ಪಿ 48, ಪ್ಲೇಟ್‌ಲೆಟ್ 62 ಸಾವಿರ. ಕಲ್ಚರ್ ಮೆಡಿಕಲ್ ಕಾಲೇಜಿಗೆ ಹೋಗಿದೆ, ವರದಿ ಬಂದಿಲ್ಲ.

ಒಬ್ಬರು ಹೇಳುತ್ತಾರೆ, 72 ಗಂಟೆ ಒಳಗೆ ಅಂದರೆ ಅರ್ಲಿ ಆನ್‌ಸೆಟ್, ತಾಯಿಯಿಂದ ಬಂದ ಸೋಂಕು, ಆಂಪಿ-ಜೆಂಟಾ ಸಾಕು, ಇನ್ನೊಂದು ದಿನ ನೋಡೋಣ ಅಂತ. ಇನ್ನೊಬ್ಬರು ಸೆಫೊಟ್ಯಾಕ್ಸಿಮ್-ಅಮಿಕಾಸಿನ್‌ಗೆ ಹೋಗೋಣ ಅನ್ನುತ್ತಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

---

ಕ್ಲಿನಿಕ್ ಡಾಕ್ಟರ್

ಇದರಲ್ಲಿ ಯೋಚನೆ ಏನಿದೆ? ಮೊದಲ ದಿನ ಸಿಆರ್‌ಪಿ ನಾರ್ಮಲ್ ಇತ್ತು ಅಂದಮೇಲೆ ಆಗ ಸೆಪ್ಸಿಸ್ ಇರಲೇ ಇಲ್ಲ. ಆಮೇಲೆ ನಿಮ್ಮ ವಾರ್ಡ್‌ನಲ್ಲಿ ಹಿಡಿದಿದೆ. ಸೆಫ್‌ಟ್ರಯಾಕ್ಸೋನ್ ದಿನಕ್ಕೊಂದು ಡೋಸ್ ಹಾಕಿ, ಮುಗೀತು. ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕೊಡುತ್ತಿದ್ದೇನೆ.

---

ಬೆಳಗಾವಿ ಅಪ್ಪ

ನಾನು ಡಾಕ್ಟರ್ ಅಲ್ಲ, ಆದರೂ ಕೇಳುತ್ತೇನೆ. 72 ಗಂಟೆ ಆಂಟಿಬಯೋಟಿಕ್ ಕೊಟ್ಟರೆ ಸಾಕು ಅಂತ ರೂಲ್ ಇದೆಯಾ? ನನ್ನ ಮಗಳಿಗೆ ಹುಟ್ಟಿದಾಗ ಖಾಸಗಿ ಆಸ್ಪತ್ರೆಯಲ್ಲಿ ಏಳು ದಿನ ಕೊಟ್ಟರು. ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಅಂತ ಅವರೇ ಹೇಳಿದರು, ಆದರೂ ನಿಲ್ಲಿಸಲಿಲ್ಲ.

---

ಮಕ್ಕಳ ಮೇಷ್ಟ್ರು

@ಬೆಳಗಾವಿ ಅಪ್ಪ, ಇಲ್ಲಿ 72 ಗಂಟೆ ಅಂದರೆ ಔಷಧಿ ಎಷ್ಟು ಹೊತ್ತು ಕೊಡಬೇಕು ಅಂತ ಅಲ್ಲ. ಕಾಯಿಲೆ ಯಾವಾಗ ಕಾಣಿಸಿತು ಅನ್ನುವ ಲೆಕ್ಕ. ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ, ಅದು ಒಳ್ಳೆಯ ಪ್ರಶ್ನೆಯೇ.

@ಕ್ಲಿನಿಕ್ ಡಾಕ್ಟರ್, ಸರ್, ಎರಡು ವಿಷಯ. ಸೋಂಕು ಶುರುವಾದ ಮೇಲೆ ಸಿಆರ್‌ಪಿ ಏರೋದಕ್ಕೆ ಆರರಿಂದ ಹನ್ನೆರಡು ಗಂಟೆ ಬೇಕು. ಮಗು ಮಂಕಾದ ಹೊತ್ತಿಗೇ ತೆಗೆದ ಒಂದು ಸಿಆರ್‌ಪಿ ನಾರ್ಮಲ್ ಬಂತು ಅಂದರೆ ಸೆಪ್ಸಿಸ್ ಇಲ್ಲ ಅಂತ ಹೇಳೋಕೆ ಆಗಲ್ಲ. 24 ಗಂಟೆ ಬಿಟ್ಟು ಇನ್ನೊಂದು ತೆಗೆದು ಅದೂ ಕಡಿಮೆ ಇದ್ದರೆ ಆಗ ಧೈರ್ಯವಾಗಿ ಹೇಳಬಹುದು. ಎರಡನೆಯದು ಸೆಫ್‌ಟ್ರಯಾಕ್ಸೋನ್. ಎರಡು ದಿನದ ಅವಧಿಪೂರ್ವ ಮಗು, ಕಾಮಾಲೆ ಇನ್ನೇನು ಏರುವ ಸಮಯ. ಆ ಔಷಧಿ ಆಲ್ಬುಮಿನ್‌ಗೆ ಅಂಟಿದ ಬಿಲಿರುಬಿನ್ ಅನ್ನು ಕಿತ್ತು ಹೊರಗೆ ಬಿಡುತ್ತದೆ. ಕ್ಯಾಲ್ಸಿಯಂ ಡ್ರಿಪ್ ಹೋಗುತ್ತಿದ್ದರೆ ಅದರ ಜೊತೆ ಸೇರಿ ಹರಳು ಕಟ್ಟುತ್ತದೆ. ಇಷ್ಟು ಚಿಕ್ಕ ಮಗುವಿಗೆ ಅದು ಬೇಡವೇ ಬೇಡ.

ಈಗ ನಮ್ಮ ಪಿಜಿಗೆ. ಇನ್ನೊಂದು ದಿನ ನೋಡೋಣ ಅನ್ನುವ ಸ್ಥಿತಿ ಇದಲ್ಲಪ್ಪ. ರೀಫಿಲ್ 4 ಸೆಕೆಂಡ್, ಉಸಿರು ನಿಲ್ಲುವುದು, ಪ್ಲೇಟ್‌ಲೆಟ್ ಬೀಳುವುದು. ಪ್ಲೇಟ್‌ಲೆಟ್ ಇಷ್ಟು ಬೇಗ ಬಿದ್ದರೆ ನನಗೆ ಮೊದಲು ಅನುಮಾನ ಬರುವುದು ಗ್ರಾಮ್ ನೆಗೆಟಿವ್ ಮೇಲೆ. ಔಷಧಿ ಬದಲಿಸಿ, ಆದರೆ ಬದಲಿಸುವ ಮುಂಚೆ ಇನ್ನೊಂದು ಕಲ್ಚರ್ ತೆಗೆಯಿರಿ. ಹಾಲು ನಿಲ್ಲಿಸಿ, ಹೊಟ್ಟೆಯ ಎಕ್ಸ್‌ರೇ ಮಾಡಿಸಿ. ಮಗು ಸ್ವಲ್ಪ ನಿಂತ ಮೇಲೆ ಸೊಂಟದ ನೀರು ತೆಗೆಯಬೇಕು.

---

ಲೀಡ್ಸ್ ಕನ್ನಡಿಗ

ನಾನು ಯುಕೆಯಲ್ಲಿ ನಿಯೋನೇಟಲ್ ರಿಜಿಸ್ಟ್ರಾರ್. ನಮ್ಮಲ್ಲಿ ಇದು ಇಷ್ಟು ಗೊಂದಲ ಇಲ್ಲ. ಅರ್ಲಿ ಅಂದರೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಮತ್ತು ಇ. ಕೋಲೈ, ಅಪರೂಪಕ್ಕೆ ಲಿಸ್ಟೀರಿಯಾ. ಬೆಂಝೈಲ್‌ಪೆನಿಸಿಲಿನ್ 25 ಮಿಗ್ರಾಂ ಪ್ರತಿ ಕೆಜಿಗೆ 12 ಗಂಟೆಗೊಮ್ಮೆ, ಜೆಂಟಾ 5 ಮಿಗ್ರಾಂ ಪ್ರತಿ ಕೆಜಿಗೆ 36 ಗಂಟೆಗೊಮ್ಮೆ. 36 ಗಂಟೆಗೆ ಕಲ್ಚರ್ ನೆಗೆಟಿವ್, ಮಗು ಚೆನ್ನಾಗಿದೆ, ಸಿಆರ್‌ಪಿ ಸಮಾಧಾನಕರ ಅಂದರೆ ನಿಲ್ಲಿಸುತ್ತೇವೆ. ಲೇಟ್ ಆನ್‌ಸೆಟ್ ಅಂದರೆ ಹೆಚ್ಚಾಗಿ ಲೈನ್ ಇರುವ ಪುಟ್ಟ ಪ್ರೀಟರ್ಮ್ ಮಕ್ಕಳು, ಅಲ್ಲಿ ಕೋನ್ಸ್ ಮುಂದೆ. ಎರಡೂ ಬೇರೆ ಬೇರೆ ಲೋಕ. ಇಲ್ಲಿ 44ನೇ ಗಂಟೆಗೆ ಹೀಗಾದರೆ ನಾನು ಮೊದಲು ನೋಡುವುದು ಜೆಂಟಾ ರೆಸಿಸ್ಟೆಂಟ್ ಇ. ಕೋಲೈ.

---

ಪೆಟ್ರಿ ಪ್ಲೇಟ್

ಮೈಕ್ರೋಬಯಾಲಜಿಯಿಂದ ನಾನು. ಲೀಡ್ಸ್ ಅವರ ಎರಡು ಲೋಕ ಅಲ್ಲಿಗೆ ಸರಿ. ಇಲ್ಲಿ ಆ ಗೋಡೆ ಬಿದ್ದು ಹೋಗಿ ಬಹಳ ಕಾಲವಾಯಿತು.

ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ಒಂದು ದೊಡ್ಡ ಅಧ್ಯಯನ ಆಯಿತು, ಡೆನಿಸ್ ಅಂತ ಹೆಸರು. 2016ರಲ್ಲಿ ಪ್ರಕಟವಾಯಿತು. ಅಲ್ಲೇ ಹುಟ್ಟಿ ಅಲ್ಲೇ ದಾಖಲಾದ 13,530 ಮಕ್ಕಳನ್ನು ಹಿಂಬಾಲಿಸಿದರು. ಮೂರರಲ್ಲಿ ಎರಡು ಭಾಗದಷ್ಟು ಸೆಪ್ಸಿಸ್ ಬಂದಿದ್ದು 72 ಗಂಟೆಯ ಒಳಗೆ. ಬೆಳೆದಿದ್ದು ಯಾವುದು? ಅಸಿನೆಟೋಬ್ಯಾಕ್ಟರ್ ಮೊದಲು, ಸುಮಾರು 22%. ಕ್ಲೆಬ್ಸಿಯೆಲ್ಲಾ 17%, ಇ. ಕೋಲೈ 14%. ಗ್ರೂಪ್ ಬಿ ಸ್ಟ್ರೆಪ್ ಹುಡುಕಬೇಕು ಅನ್ನುವಷ್ಟು ಕಡಿಮೆ. ಮುಖ್ಯ ವಿಷಯ ಇದು: ಬೇಗ ಬಂದ ಸೋಂಕಿನಲ್ಲೂ ತಡವಾಗಿ ಬಂದ ಸೋಂಕಿನಲ್ಲೂ ಸಿಕ್ಕ ಕ್ರಿಮಿಗಳ ಪಟ್ಟಿ ಹೆಚ್ಚು ಕಡಿಮೆ ಒಂದೇ.

ಅಂದರೆ 72 ಗಂಟೆ ಒಳಗೆ ಬಂತು, ಆದ್ದರಿಂದ ತಾಯಿಯಿಂದ ಬಂತು, ಆದ್ದರಿಂದ ಸಾಧು ಕ್ರಿಮಿ, ಆದ್ದರಿಂದ ಆಂಪಿ-ಜೆಂಟಾ ಸಾಕು. ಈ ಸರಪಳಿಯಲ್ಲಿ ಮೊದಲ ಕೊಂಡಿಯೇ ನಮ್ಮಲ್ಲಿ ಗಟ್ಟಿ ಇಲ್ಲ.

ಇನ್ನೊಂದು ಮಾತು. ಕ್ಲೆಬ್ಸಿಯೆಲ್ಲಾಗೆ ಆಂಪಿಸಿಲಿನ್ ಹುಟ್ಟಿನಿಂದಲೇ ನಾಟುವುದಿಲ್ಲ. ಅದು ಕಲಿತು ಬಂದ ರೆಸಿಸ್ಟೆನ್ಸ್ ಅಲ್ಲ, ಅದರ ಜಾತಿಯ ಗುಣವೇ ಹಾಗೆ. ಹಾಗಾಗಿ ಕ್ಲೆಬ್ಸಿಯೆಲ್ಲಾ ಇರುವ ಮಗುವಿಗೆ ಆಂಪಿ-ಜೆಂಟಾ ಅಂದರೆ ಲೆಕ್ಕಕ್ಕೆ ಬರೀ ಜೆಂಟಾ. ಅದಕ್ಕೂ ಜಗ್ಗದಿದ್ದರೆ ಆ ಮಗುವಿಗೆ ಈವರೆಗೆ ಔಷಧಿಯೇ ಸಿಕ್ಕಿಲ್ಲ.

---

ದಾವಣಗೆರೆ ಬೆಣ್ಣೆ

ಕೊನೆಯ ಸಾಲು ಓದಿ ಹೊಟ್ಟೆ ತೊಳಸಿತು.

---

ಲೀಡ್ಸ್ ಕನ್ನಡಿಗ

@ಪೆಟ್ರಿ ಪ್ಲೇಟ್, ಒಪ್ಪುತ್ತೇನೆ, ಆದರೆ ದೆಹಲಿಯ ಆ ಮೂರೂ ಭಾರೀ ಜನಸಂದಣಿಯ ದೊಡ್ಡ ಆಸ್ಪತ್ರೆಗಳು. ಅದನ್ನು ತಂದು ಕರ್ನಾಟಕದ ಒಂದು ಜಿಲ್ಲಾಸ್ಪತ್ರೆಗೆ ಅಂಟಿಸುವುದು ಎಷ್ಟು ಸರಿ? ನಾಳೆ ಎಲ್ಲರೂ ಅದನ್ನೇ ತೋರಿಸಿ ಮೊದಲ ದಿನವೇ ಮೆರೊಪೆನೆಮ್ ಹಾಕುತ್ತಾರೆ.

---

ಪೆಟ್ರಿ ಪ್ಲೇಟ್

ಸರಿಯಾದ ಆಕ್ಷೇಪಣೆ. ಅದಕ್ಕೇ ಪ್ರತಿ ಯೂನಿಟ್‌ಗೂ ಅದರದೇ ಆಂಟಿಬಯೋಗ್ರಾಮ್ ಬೇಕು. ಆದರೆ ಅಲ್ಲೂ ಒಂದು ತೊಡಕು. ಒಂದು ಕ್ರಿಮಿ ಬಗ್ಗೆ ಶೇಕಡಾವಾರು ಹೇಳಬೇಕಾದರೆ ಕನಿಷ್ಠ 30 ಐಸೊಲೇಟ್ ಇರಬೇಕು ಅನ್ನುತ್ತಾರೆ. ಚಿಕ್ಕ ಎಸ್‌ಎನ್‌ಸಿಯುನಲ್ಲಿ ವರ್ಷವಿಡೀ ಕಾದರೂ 30 ಕ್ಲೆಬ್ಸಿಯೆಲ್ಲಾ ಸಿಗದಿರಬಹುದು, ಯಾಕೆಂದರೆ ಕಲ್ಚರ್ ಕಳಿಸುವುದೇ ಕಡಿಮೆ. ಆಗ ಎರಡು ಮೂರು ವರ್ಷದ್ದು ಕೂಡಿಸಬೇಕು, ಇಲ್ಲವೇ ಸುತ್ತಲಿನ ಯೂನಿಟ್‌ಗಳದ್ದು ಸೇರಿಸಬೇಕು. ಎಂಟು ಐಸೊಲೇಟ್ ಹಿಡಿದುಕೊಂಡು ನಮ್ಮಲ್ಲಿ ಜೆಂಟಾ 75% ಕೆಲಸ ಮಾಡುತ್ತೆ ಅನ್ನುವುದು ಸುಮ್ನೆ ಮಾತು.

---

ಎಸ್‌ಎನ್‌ಸಿಯು ಸಿಸ್ಟರ್

ಡಾಕ್ಟರ್‌ಗಳೆಲ್ಲಾ ಔಷಧಿ ಬಗ್ಗೆ ಜಗಳ ಆಡುತ್ತಿದ್ದೀರಿ. ಆ ಕಲ್ಚರ್ ಎಷ್ಟು ರಕ್ತ ಹಾಕಿ ಕಳಿಸಿದಿರಿ ಅಂತ ಯಾರಾದರೂ ಕೇಳಿದಿರಾ? ರಾತ್ರಿ ಹೊತ್ತು ಬಾಟಲಿಗೆ ನಾಲ್ಕು ಹನಿ ಬಿಟ್ಟು ಕಳಿಸಿದರೆ ಏನೂ ಬೆಳೆಯಲ್ಲ. ಆಮೇಲೆ ಕಲ್ಚರ್ ನೆಗೆಟಿವ್ ಅಂತ ಬರೆದುಕೊಳ್ಳುತ್ತಾರೆ. ಕನಿಷ್ಠ 1 ಎಂಎಲ್ ಬೇಕು. ಅದೂ ಹೊಸ ನರದಿಂದ. ಹಳೆಯ ಕ್ಯಾನುಲಾದಿಂದ ಎಳೆದರೆ ಚರ್ಮದ ಕ್ರಿಮಿ ಬೆಳೆದು ಕೋನ್ಸ್ ಅಂತ ವರದಿ ಬರುತ್ತೆ, ಮಗುವಿಗೆ ಸುಮ್ನೆ ವ್ಯಾಂಕೊಮೈಸಿನ್ ಬೀಳುತ್ತೆ. ಸ್ಪಿರಿಟ್ ಹಚ್ಚಿದ ಮೇಲೆ ಒಣಗೋಕೆ ಬಿಡಬೇಕು. ಯಾರಿಗೂ ಅಷ್ಟು ತಾಳ್ಮೆ ಇರಲ್ಲ.

---

ಪೆಟ್ರಿ ಪ್ಲೇಟ್

ಸಿಸ್ಟರ್, ನೀವು ನಮ್ಮ ಲ್ಯಾಬ್‌ಗೆ ಬಂದು ಒಂದು ಕ್ಲಾಸ್ ತಗೊಳ್ಳಿ.

---

ಕ್ಲಿನಿಕ್ ಡಾಕ್ಟರ್

ಸರಿ, ಸೆಫ್‌ಟ್ರಯಾಕ್ಸೋನ್ ಮಾತು ಬಿಡೋಣ. ಆದರೆ ಒಂದು ವಿಷಯ ಹೇಳುತ್ತೇನೆ. ನಿಮ್ಮ ಈ ಚರ್ಚೆ ಎಲ್ಲಾ ಎಸ್‌ಎನ್‌ಸಿಯು ಒಳಗಿನದ್ದು. ನಮ್ಮಂಥವರ ಹತ್ತಿರ ಹತ್ತು ದಿನದ ಮಗು ಮಂಕಾಗಿ ಬಂದಾಗ, ಜಿಲ್ಲಾಸ್ಪತ್ರೆ ಎರಡು ಗಂಟೆ ದೂರ ಇರುವಾಗ, ಕಲ್ಚರ್ ಆಗಲಿ, ಆಂಟಿಬಯೋಗ್ರಾಮ್ ಆಗಲಿ ಅಂತ ಕೂತರೆ ಮಗು ದಾರಿಯಲ್ಲೇ ಹೋಗುತ್ತೆ.

---

ಮಕ್ಕಳ ಮೇಷ್ಟ್ರು

ಇದು ನೂರಕ್ಕೆ ನೂರು ಸರಿ. ಕಳಿಸುವ ಮುಂಚೆ ಮೊದಲ ಡೋಸ್ ಆಂಪಿಸಿಲಿನ್, ಜೆಂಟಾ ತೊಡೆಯ ಸ್ನಾಯುವಿಗೆ ಹಾಕಿ ಕಳಿಸಿ, ಹಾಕಿದ ಸಮಯ ಚೀಟಿಯಲ್ಲಿ ಬರೆಯಿರಿ. ಮಗುವನ್ನು ತಾಯಿಯ ಎದೆಗೆ ಅಂಟಿಸಿ ಬೆಚ್ಚಗೆ ಕಳಿಸಿ. ಆ ಒಂದು ಡೋಸ್‌ನಿಂದ ಕಲ್ಚರ್ ಕೆಡುತ್ತೆ ಅಂತ ನಾವು ಯಾರೂ ಬೈಯಲ್ಲ. ಮನೆಯಿಂದ ಬಂದ ಹತ್ತು ದಿನದ ಮಗುವಿನಲ್ಲಿ ಆಸ್ಪತ್ರೆಯ ಹಠಮಾರಿ ಕ್ರಿಮಿ ಇರುವ ಸಾಧ್ಯತೆಯೂ ಸ್ವಲ್ಪ ಕಡಿಮೆ. ಆದರೆ ಆ ಮಗು ಹುಟ್ಟಿದಾಗ ಐದು ದಿನ ಐಸಿಯುನಲ್ಲಿ ಇತ್ತಾ ಅಂತ ಕೇಳಿಕೊಳ್ಳಿ. ಇದ್ದರೆ ಮನೆಯಿಂದ ಬಂತು ಅನ್ನುವ ಮಾತಿಗೆ ಅರ್ಥ ಇಲ್ಲ.

---

ಆಶಾ ಅಕ್ಕ

ನಾವು ಮೂರನೇ ದಿನ, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ಬಾಣಂತಿ ಮನೆಗೆ ಹೋಗುತ್ತೇವೆ. ನಿಮ್ಮ ಔಷಧಿ ಹೆಸರು ನನಗೆ ಗೊತ್ತಿಲ್ಲ. ಆದರೆ ಮಗು ನಿನ್ನೆವರೆಗೆ ಚೀಪುತ್ತಿದ್ದುದು ಇವತ್ತು ಚೀಪುತ್ತಿಲ್ಲ ಅಂದರೆ ಅಲ್ಲೇ ಕೂತು ಉಸಿರು ಎಣಿಸುತ್ತೇನೆ. ನಿಮಿಷಕ್ಕೆ 60 ದಾಟಿದರೆ ಇನ್ನೊಮ್ಮೆ ಎಣಿಸುತ್ತೇನೆ, ಆಮೇಲೆ 108ಕ್ಕೆ ಫೋನ್. ಅಜ್ಜಿಯರು ದೃಷ್ಟಿ ಆಗಿದೆ ಅಂತಾರೆ. ಕೆಲವು ಊರಲ್ಲಿ ಈಗಲೂ ಹೊಟ್ಟೆ ಉಬ್ಬಿದ ಮಗುವಿಗೆ ಬರೆ ಹಾಕಿಸುತ್ತಾರೆ. ಬರೆ ಹಾಕಿದ ಗಾಯದಿಂದ ಇನ್ನೊಂದು ಸೋಂಕು. ಮಗುವಿಗೆ ಜ್ವರ ಇಲ್ಲ, ಮೈ ತಣ್ಣಗಿದೆ, ಏನೂ ಆಗಿಲ್ಲ ಅಂತ ಸಮಾಧಾನ ಮಾಡಿಕೊಳ್ಳುವವರೇ ಜಾಸ್ತಿ. ಎಳೆಯ ಮಗು ತಣ್ಣಗಾಗುವುದೇ ಅಪಾಯ ಅಂತ ಎಷ್ಟು ಸಲ ಹೇಳಿದರೂ ಕಡಿಮೆ.

---

ದಾವಣಗೆರೆ ಬೆಣ್ಣೆ

ಅಕ್ಕ, ಹೊಕ್ಕುಳಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದಾ? ನಮ್ಮತ್ತೆ ಬಿಡುತ್ತಿಲ್ಲ.

---

ಆಶಾ ಅಕ್ಕ

ಏನೂ ಹಚ್ಚಬೇಡಮ್ಮ. ಒಣಗಿ ತಾನೇ ಬೀಳುತ್ತೆ. ಸುತ್ತ ಕೆಂಪಾದರೆ, ಕೀವು ಬಂದರೆ ಕರೆದುಕೊಂಡು ಬಾ. ಅತ್ತೆಗೆ ಆಶಾ ಹೇಳಿದಳು ಅನ್ನು, ನನ್ನ ಮೇಲೆ ಹಾಕು.

---

ಪಿಜಿ ಎರಡನೇ ವರ್ಷ

ಬೆಳಿಗ್ಗೆಯ ಅಪ್‌ಡೇಟ್. ರಾತ್ರಿ ಇನ್ನೊಂದು ಕಲ್ಚರ್ ತೆಗೆದೆವು, 1 ಎಂಎಲ್, ಹೊಸ ನರದಿಂದ (ಸಿಸ್ಟರ್ ಖುಷಿಪಡಿ). ಎಕ್ಸ್‌ರೇಯಲ್ಲಿ ಕರುಳಿನ ಗೋಡೆಯಲ್ಲಿ ಗಾಳಿ ಇಲ್ಲ. ನಮ್ಮ ಹಿರಿಯರು ಸೆಫೊಟ್ಯಾಕ್ಸಿಮ್ ಬೇಡ ಅಂದರು. ಮೆರೊಪೆನೆಮ್ ಮತ್ತು ಅಮಿಕಾಸಿನ್ ಶುರುವಾಯಿತು. ಒಂದು ಬೋಲಸ್, ಆಮೇಲೆ ಡೋಪಮಿನ್. ಬೆಳಗಿನ ಜಾವಕ್ಕೆ ರೀಫಿಲ್ 3 ಸೆಕೆಂಡ್‌ಗೆ ಬಂದಿದೆ.

ಮೊದಲ ಕಲ್ಚರ್ ಬಾಟಲಿಯಲ್ಲಿ ಗ್ರಾಮ್ ನೆಗೆಟಿವ್ ಕಡ್ಡಿಗಳು ಕಾಣಿಸಿವೆ ಅಂತ ಲ್ಯಾಬ್‌ನಿಂದ ಫೋನ್ ಬಂತು. ಹೆಸರು ಇನ್ನೂ ಇಲ್ಲ.

ಸೆಫೊಟ್ಯಾಕ್ಸಿಮ್ ಯಾಕೆ ಬೇಡ ಅಂದರು ಅಂತ ಕೇಳೋಕೆ ಧೈರ್ಯ ಬರಲಿಲ್ಲ, ರೌಂಡ್ಸ್ ಮೂಡ್ ಸರಿ ಇರಲಿಲ್ಲ. ಎರಡನೇ ಸಾಲಿನ ಔಷಧಿ ಅಂತ ಚಾರ್ಟ್‌ನಲ್ಲಿ ಅದೇ ಅಂಟಿಸಿದೆ ಅಲ್ವಾ?

---

ಮಕ್ಕಳ ಮೇಷ್ಟ್ರು

ಚಾರ್ಟ್‌ನಲ್ಲಿ ಇದೆ, ನಿಜ. ನಿಮ್ಮ ಹಿರಿಯರ ಪರವಾಗಿ ನಾನು ಹೇಳುತ್ತೇನೆ.

ನೆದರ್‌ಲೆಂಡ್ಸ್‌ನಲ್ಲಿ ಎರಡು ನವಜಾತ ಘಟಕಗಳನ್ನು ಹೋಲಿಸಿದರು, 2000ರಲ್ಲಿ ಪ್ರಕಟವಾಯಿತು. ಒಂದರಲ್ಲಿ ಮೊದಲ ಔಷಧಿ ಪೆನಿಸಿಲಿನ್ ಜೊತೆ ಟೋಬ್ರಾಮೈಸಿನ್. ಇನ್ನೊಂದರಲ್ಲಿ ಅಮಾಕ್ಸಿಸಿಲಿನ್ ಜೊತೆ ಸೆಫೊಟ್ಯಾಕ್ಸಿಮ್. ಆರು ತಿಂಗಳ ಮೇಲೆ ಔಷಧಿಗಳನ್ನು ಅದಲು ಬದಲು ಮಾಡಿದರು. ಸೆಫೊಟ್ಯಾಕ್ಸಿಮ್ ಬಳಸಿದ ಕಡೆ, ಕೊಡುವ ಔಷಧಿಗೇ ಜಗ್ಗದ ಕ್ರಿಮಿಗಳು ಮಕ್ಕಳ ಮೈಯಲ್ಲಿ ಮನೆ ಮಾಡುವ ಅಪಾಯ 18 ಪಟ್ಟು ಜಾಸ್ತಿ ಇತ್ತು. ಬದಲಾಯಿಸಿದ ಮೇಲೆ ಇದೂ ಔಷಧಿಯ ಹಿಂದೆಯೇ ಹೋಯಿತು. ಅಂದರೆ ಆ ಒಂದು ಮಗುವಿಗೆ ಕೊಟ್ಟ ಔಷಧಿ, ಪಕ್ಕದ ವಾರ್ಮರ್‌ನಲ್ಲಿರುವ ಮಗುವಿನ ಕ್ರಿಮಿಯನ್ನೂ ಬದಲಾಯಿಸುತ್ತದೆ.

ನಮ್ಮ ಯೂನಿಟ್‌ಗಳಲ್ಲಿ ಸೆಫೊಟ್ಯಾಕ್ಸಿಮ್ ವರ್ಷಗಟ್ಟಲೆ ಹರಿದಿದೆ. ಅದನ್ನು ಒಡೆಯುವ ಇಎಸ್‌ಬಿಎಲ್ ಕಿಣ್ವ ಇರುವ ಕ್ಲೆಬ್ಸಿಯೆಲ್ಲಾಗಳೇ ಈಗ ಉಳಿದುಕೊಂಡಿರುವುದು. ಕೆಟ್ಟಿರುವ ಮಗುವಿಗೆ ಅದನ್ನು ಕೊಟ್ಟು ಇನ್ನೊಂದು ದಿನ ಕಳೆಯುವುದರಲ್ಲಿ ಅರ್ಥವಿಲ್ಲ. ಮೆನಿಂಜೈಟಿಸ್ ಇದ್ದು, ಕ್ರಿಮಿ ಅದಕ್ಕೆ ಬಗ್ಗುತ್ತದೆ ಅಂತ ಗೊತ್ತಾದಾಗ ಅದು ಒಳ್ಳೆಯ ಔಷಧಿ. ಅದಕ್ಕೆ ಉಳಿಸಿಕೊಳ್ಳಬೇಕಿತ್ತು.

---

ಲೀಡ್ಸ್ ಕನ್ನಡಿಗ

ಇದೇ ಮಾತು ನಾಳೆ ಮೆರೊಪೆನೆಮ್‌ಗೂ ಬರುತ್ತೆ ಅಲ್ವಾ ಸರ್? ಇಂದು ಸೆಫೊಟ್ಯಾಕ್ಸಿಮ್ ಬೇಡ ಅಂತ ಮೆರೊ, ನಾಳೆ ಮೆರೊ ಬೇಡ ಅಂತ ಕೊಲಿಸ್ಟಿನ್.

---

ಪೆಟ್ರಿ ಪ್ಲೇಟ್

ನಾಳೆ ಅಲ್ಲ, ನಿನ್ನೆಯೇ ಬಂದಿದೆ. ಡೆನಿಸ್‌ನಲ್ಲೇ ಅಸಿನೆಟೋಬ್ಯಾಕ್ಟರ್‌ಗಳಲ್ಲಿ 82% ಬಹುಔಷಧ ನಿರೋಧಕ. ಅದಕ್ಕೇ ಆಂಪಿ-ಜೆಂಟಾ ಜಾಗಕ್ಕೆ ಆಂಪಿ-ಅಮಿಕಾಸಿನ್ ಇಟ್ಟು ನೋಡಿ ಅಂತ ನಾನು ಹೇಳುವುದು. ಜೆಂಟಾವನ್ನು ಕೆಡಿಸುವ ಕಿಣ್ವಗಳಲ್ಲಿ ಹಲವಕ್ಕೆ ಅಮಿಕಾಸಿನ್ ಸಿಕ್ಕಿಬೀಳುವುದಿಲ್ಲ. ಕಾರ್ಬಾಪೆನೆಮ್ ಮುಟ್ಟದೆ ಒಂದು ಮೆಟ್ಟಿಲು ಸಿಗುತ್ತದೆ. ಎಲ್ಲ ಕಡೆ ಅಲ್ಲ, ಲೆಕ್ಕ ನೋಡಿಕೊಂಡು.

---

ಎಸ್‌ಎನ್‌ಸಿಯು ಸಿಸ್ಟರ್

ಅಮಿಕಾಸಿನ್ ಅಂದಿರಿ, ಒಂದು ಎಚ್ಚರಿಕೆ. ಈ ಮಗುವಿಗೆ ಕೆಜಿಗೆ 15 ಮಿಗ್ರಾಂ ಲೆಕ್ಕದಲ್ಲಿ 28.5 ಮಿಗ್ರಾಂ. 100 ಮಿಗ್ರಾಂ 2 ಎಂಎಲ್ ವಯಲ್ ಆದರೆ 0.57 ಎಂಎಲ್. ಸ್ಟೋರ್‌ನಲ್ಲಿ ಅದು ಖಾಲಿಯಾದಾಗ ದೊಡ್ಡವರ 500 ಮಿಗ್ರಾಂ 2 ಎಂಎಲ್ ವಯಲ್ ಬರುತ್ತೆ, ನೋಡೋಕೆ ಹೆಚ್ಚು ಕಡಿಮೆ ಒಂದೇ ಥರ. ಅದರಲ್ಲಿ ಅದೇ 0.57 ಎಳೆದರೆ 142 ಮಿಗ್ರಾಂ ಹೋಗುತ್ತೆ, ಐದು ಪಟ್ಟು. ಕಿಡ್ನಿ, ಕಿವಿ ಎರಡಕ್ಕೂ ಹೊಡೆತ. ಆರ್ಡರ್‌ನಲ್ಲಿ ಎಂಎಲ್ ಬರೆಯಬೇಡಿ, ಮಿಗ್ರಾಂ ಬರೆಯಿರಿ. ವಯಲ್ ಇಬ್ಬರು ಓದಲಿ.

ಮೂತ್ರದ ಲೆಕ್ಕ ಇಡಿ. ಡಿಸ್ಚಾರ್ಜ್ ಮುಂಚೆ ಕಿವಿ ಪರೀಕ್ಷೆ ಬರೆದುಕೊಡಿ.

---

ಬೆಳಗಾವಿ ಅಪ್ಪ

ಕಿವಿಗೂ ಹೊಡೆತಾನಾ? ನನ್ನ ಮಗಳಿಗೆ ಯಾವುದು ಕೊಟ್ಟರೋ ಗೊತ್ತಿಲ್ಲ. ಈಗ ಮೂರು ವರ್ಷ, ಜೋರಾಗಿ ಮಾತಾಡುತ್ತಾಳೆ, ಕರೆದರೆ ತಿರುಗುತ್ತಾಳೆ. ಚಾಕ್ಲೇಟ್ ಕವರ್ ಸದ್ದಂತೂ ಪಕ್ಕದ ರೂಮಿನಿಂದ ಕೇಳಿಸುತ್ತೆ.

ಮೇಷ್ಟ್ರೇ, ನನ್ನ ಪ್ರಶ್ನೆ ಹಾಗೇ ಉಳಿದಿದೆ.

---

ಮಕ್ಕಳ ಮೇಷ್ಟ್ರು

ಮಾತು ಬಂದಿದೆ ಅಂದರೆ ಹೆದರಬೇಡಿ. ಡಿಸ್ಚಾರ್ಜ್ ಸಾರಾಂಶದಲ್ಲಿ ಔಷಧಿ ಹೆಸರು ಇರುತ್ತದೆ, ಬೇಕಾದರೆ ಒಮ್ಮೆ ಪರೀಕ್ಷೆ ಮಾಡಿಸಿ.

ನಿಮ್ಮ ಮಗಳ ಫೈಲ್ ನೋಡದೆ ಏಳು ದಿನ ಸರಿಯೋ ತಪ್ಪೋ ಅಂತ ಹೇಳಲಾರೆ. ಸಾಮಾನ್ಯವಾಗಿ ಹೀಗೆ: ಅಪಾಯದ ಕಾರಣ ಇತ್ತು ಅಂತ ಔಷಧಿ ಶುರು ಮಾಡಿದೆವು, ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ, ಸರಿಯಾಗಿ ತೆಗೆದ ಕಲ್ಚರ್ 36ರಿಂದ 48 ಗಂಟೆಗೆ ಏನೂ ತೋರಿಸಲಿಲ್ಲ, ಎರಡು ಸಿಆರ್‌ಪಿ ಕಡಿಮೆ. ಆಗ ನಿಲ್ಲಿಸಬಹುದು. ನಿಜವಾದ ಕ್ರಿಮಿ ಇದ್ದರೆ ಹೆಚ್ಚಿನವು 36 ಗಂಟೆಯೊಳಗೆ ಬಾಟಲಿಯಲ್ಲಿ ಕಾಣಿಸಿಕೊಳ್ಳುತ್ತವೆ. ಆದರೆ ಮಗು ನಿಜವಾಗಿ ಕೆಟ್ಟಿತ್ತು, ಸ್ಕ್ರೀನ್ ಪಾಸಿಟಿವ್ ಇತ್ತು, ಕಲ್ಚರ್ ಮಾತ್ರ ಬೆಳೆಯಲಿಲ್ಲ ಅಂದರೆ ಐದರಿಂದ ಏಳು ದಿನ ಕೊಡುವ ರೂಢಿ ಇದೆ. ನಿಮ್ಮದು ಯಾವ ಗುಂಪು ಅಂತ ಅವರನ್ನೇ ಕೇಳಬಹುದಿತ್ತು. ಕೇಳುವ ಹಕ್ಕು ನಿಮಗಿತ್ತು.

---

ಪಿಜಿ ಎರಡನೇ ವರ್ಷ

ವರದಿ ಬಂತು. ಎರಡೂ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ನ್ಯೂಮೋನಿಯೇ. ಜೆಂಟಾ ಇಲ್ಲ, ಸೆಫೊಟ್ಯಾಕ್ಸಿಮ್ ಇಲ್ಲ. ಪಿಪೆರಾಸಿಲಿನ್-ಟ್ಯಾಝೊಬ್ಯಾಕ್ಟಮ್ ಇಂಟರ್‌ಮೀಡಿಯೆಟ್. ಅಮಿಕಾಸಿನ್, ಮೆರೊಪೆನೆಮ್ ಎರಡಕ್ಕೂ ಸೆನ್ಸಿಟಿವ್. ಪೆಟ್ರಿ ಪ್ಲೇಟ್ ಹೇಳಿದ ಹಾಗೇ ಆಯಿತು, ಮೊದಲ 24 ಗಂಟೆ ಮಗುವಿಗೆ ಕೆಲಸ ಮಾಡುವ ಔಷಧಿ ಒಂದೂ ಹೋಗಿರಲಿಲ್ಲ.

ಮಗು ಸುಧಾರಿಸಿದೆ. ಡೋಪಮಿನ್ ನಿಂತಿದೆ, ಪ್ಲೇಟ್‌ಲೆಟ್ 91 ಸಾವಿರ. ನಾಲ್ಕನೇ ದಿನ ಸೊಂಟದ ನೀರು ತೆಗೆದೆವು. ಕೋಶ 6, ಸಕ್ಕರೆ ನಾರ್ಮಲ್, ಏನೂ ಬೆಳೆದಿಲ್ಲ.

ಈಗ ಪ್ರಶ್ನೆ: ಮೆರೊಪೆನೆಮ್ ನಿಲ್ಲಿಸಿ ಅಮಿಕಾಸಿನ್ ಒಂದರಲ್ಲೇ ಮುಗಿಸಬಹುದಾ?

---

ಪೆಟ್ರಿ ಪ್ಲೇಟ್

ನನ್ನ ಮತ ಹೌದು. ಮೆದುಳಿನಲ್ಲಿ ಇಲ್ಲ ಅಂತ ಖಾತ್ರಿಯಾಯಿತು, ರಕ್ತದಲ್ಲಿರುವ ಕ್ರಿಮಿ ಅಮಿಕಾಸಿನ್‌ಗೆ ಬಗ್ಗುತ್ತದೆ. ಮತ್ತೆ ಯಾಕೆ ಮೆರೊ? ಔಷಧಿ ಬದಲಾಯಿಸಿದ ಮೇಲೆ ಇನ್ನೊಂದು ಕಲ್ಚರ್ ತೆಗೆದು ರಕ್ತ ಸ್ವಚ್ಛ ಆಗಿದೆಯಾ ಅಂತ ನೋಡಿ.

---

ಲೀಡ್ಸ್ ಕನ್ನಡಿಗ

ನಾನು ಒಪ್ಪಲ್ಲ. ಇಎಸ್‌ಬಿಎಲ್ ಕ್ಲೆಬ್ಸಿಯೆಲ್ಲಾ, ಶಾಕ್‌ಗೆ ಹೋಗಿ ಬಂದ 1.9 ಕೆಜಿ ಮಗು. ಅಮಿನೊಗ್ಲೈಕೊಸೈಡ್ ಒಂದನ್ನೇ ನಂಬಿ ಹತ್ತು ಹದಿನಾಲ್ಕು ದಿನ? ಡ್ರಗ್ ಲೆವೆಲ್ ನೋಡುವ ಸೌಲಭ್ಯವೂ ಇಲ್ಲದ ಕಡೆ? ನಾನಾದರೆ ಮೆರೊ ಇಟ್ಟು ಅಮಿಕಾಸಿನ್ ನಿಲ್ಲಿಸುತ್ತೇನೆ. ಕಿವಿಯೂ ಉಳಿಯುತ್ತೆ.

---

ಪೆಟ್ರಿ ಪ್ಲೇಟ್

ಕಿವಿ ಉಳಿಯುತ್ತೆ, ಯೂನಿಟ್ ಹೋಗುತ್ತೆ.

---

ಮಕ್ಕಳ ಮೇಷ್ಟ್ರು

ಇಬ್ಬರ ಮಾತಲ್ಲೂ ತೂಕ ಇದೆ. ಈ ವಿಷಯದಲ್ಲಿ ಎದುರಿಗಿರುವ ಮಗು ಮುಖ್ಯವೋ ಮುಂದೆ ಬರುವ ಮಕ್ಕಳು ಮುಖ್ಯವೋ ಅನ್ನುವುದು ಲ್ಯಾಬ್ ವರದಿ ತೀರ್ಮಾನಿಸುವಂಥದ್ದಲ್ಲ. ನಾನು ಈ ಮಗುವಿಗೆ ಮೆರೊಪೆನೆಮ್ ಮುಂದುವರಿಸುತ್ತೇನೆ, 20 ಮಿಗ್ರಾಂ ಪ್ರತಿ ಕೆಜಿಗೆ, ಅಂದರೆ 38 ಮಿಗ್ರಾಂ ಎಂಟು ಗಂಟೆಗೊಮ್ಮೆ. ಅಮಿಕಾಸಿನ್ ಈಗ ನಿಲ್ಲಿಸುತ್ತೇನೆ. ರಕ್ತದಲ್ಲಿ ಗ್ರಾಮ್ ನೆಗೆಟಿವ್ ಇದ್ದು ಮೆನಿಂಜೈಟಿಸ್ ಇಲ್ಲದಿದ್ದರೆ ಹತ್ತರಿಂದ ಹದಿನಾಲ್ಕು ದಿನ ಸಾಕು. ಸೊಂಟದ ನೀರು ಕೆಟ್ಟಿದ್ದರೆ ಡೋಸ್ 40ಕ್ಕೆ ಏರುತ್ತಿತ್ತು, 21 ದಿನ ಆಗುತ್ತಿತ್ತು. ಆ ಒಂದು ಸೂಜಿ ಎಷ್ಟು ಉಳಿಸಿತು ನೋಡಿ. ಎಷ್ಟೋ ಕಡೆ ಅದನ್ನು ಮಾಡದೆ ಎಲ್ಲರಿಗೂ 21 ದಿನ ತಳ್ಳುತ್ತಾರೆ.

ಇದೇ ಮಗು ಇಷ್ಟು ಕೆಡದೆ, ಬರೀ ಮಂಕಾಗಿದ್ದು ಇದೇ ವರದಿ ಬಂದಿದ್ದರೆ ನಾನು ಪೆಟ್ರಿ ಪ್ಲೇಟ್ ಕಡೆ ವಾಲುತ್ತಿದ್ದೆ.

---

ಎಸ್‌ಎನ್‌ಸಿಯು ಸಿಸ್ಟರ್

ಪಿಜಿ ಡಾಕ್ಟ್ರೇ, ಈ ತಿಂಗಳು ನಿಮ್ಮಲ್ಲಿ ಇದು ಎಷ್ಟನೇ ಕ್ಲೆಬ್ಸಿಯೆಲ್ಲಾ?

---

ಪಿಜಿ ಎರಡನೇ ವರ್ಷ

ಮೂರನೆಯದು ಸಿಸ್ಟರ್. ಸೆನ್ಸಿಟಿವಿಟಿ ಮೂರರದ್ದೂ ಒಂದೇ ಥರ. ಮೂವರೂ ನಮ್ಮ ಲೇಬರ್ ರೂಮ್‌ನಲ್ಲೇ ಹುಟ್ಟಿದವರು, ಮೂವರಿಗೂ ಹುಟ್ಟಿದಾಗ ಬ್ಯಾಗ್-ಮಾಸ್ಕ್ ಆಗಿದೆ.

---

ಎಸ್‌ಎನ್‌ಸಿಯು ಸಿಸ್ಟರ್

ಮತ್ತೆ ಇಷ್ಟು ಹೊತ್ತು ಯಾವ ಇಂಜೆಕ್ಷನ್ ಅಂತ ಮಾತಾಡುತ್ತಿದ್ದೆವಲ್ಲಾ! ಲೇಬರ್ ರೂಮ್‌ಗೆ ಹೋಗಿ ನೋಡಿ. ಅಂಬು ಬ್ಯಾಗ್ ಬಿಚ್ಚಿ ತೊಳೆದು ಒಣಗಿಸುತ್ತಾರಾ, ಅಥವಾ ಒದ್ದೆ ಮಾಸ್ಕ್ ಹಾಗೇ ಟ್ರೇಗೆ ಹೋಗುತ್ತಾ? ಸಕ್ಷನ್ ಪೈಪ್? ಆಕ್ಸಿಜನ್ ಹ್ಯೂಮಿಡಿಫೈಯರ್ ಬಾಟಲಿಗೆ ನಲ್ಲಿ ನೀರು ಹಾಕಿ ಮೇಲಿಂದ ಮೇಲೆ ತುಂಬಿಸುತ್ತಿದ್ದಾರಾ? ಕ್ಯಾನುಲಾ ಫ್ಲಶ್ ಮಾಡೋಕೆ ಒಂದೇ ಸಲೈನ್ ಬಾಟಲಿಗೆ ಸೂಜಿ ಚುಚ್ಚಿಟ್ಟು ಎಲ್ಲ ಮಕ್ಕಳಿಗೂ ಎಳೆಯುತ್ತಿದ್ದಾರಾ? ಕೈ ತೊಳೆಯುವ ಸಿಂಕ್ ಹತ್ತಿರ ಸೋಪು ಇದೆಯಾ, ಅಥವಾ ಬೋರ್ಡ್ ಮಾತ್ರ ಇದೆಯಾ?

---

ಪೆಟ್ರಿ ಪ್ಲೇಟ್

ಮೂರು ಐಸೊಲೇಟ್‌ಗಳನ್ನೂ ಎಸೆಯದೆ ಇಟ್ಟುಕೊಳ್ಳೋಕೆ ಲ್ಯಾಬ್‌ಗೆ ಈಗಲೇ ಹೇಳಿ. ಆ ಬ್ಯಾಗ್, ಹ್ಯೂಮಿಡಿಫೈಯರ್ ನೀರು, ಸಿಂಕ್, ಸಲೈನ್ ಬಾಟಲಿ, ಇವುಗಳ ಸ್ಯಾಂಪಲ್ ತೊಳೆಯುವ ಮುಂಚೆ ತೆಗೆಯಿರಿ. ಮೊದಲು ಸ್ವಚ್ಛ ಮಾಡಿ ಆಮೇಲೆ ಸ್ಯಾಂಪಲ್ ಕಳಿಸಿದರೆ ಏನೂ ಸಿಗಲ್ಲ, ಎಲ್ಲಾ ಸರಿ ಇದೆ ಅಂತ ಫೈಲ್ ಮುಚ್ಚುತ್ತಾರೆ. ಸಿಗದಿದ್ದರೂ ಮೂಲ ಅಲ್ಲಿಲ್ಲ ಅಂತ ಅರ್ಥ ಅಲ್ಲ.

---

ಕ್ಲಿನಿಕ್ ಡಾಕ್ಟರ್

ನಾನು ಮೊದಲೇ ಹೇಳಿದ್ದೆ, ನಿಮ್ಮಲ್ಲೇ ಹಿಡಿದಿದೆ ಅಂತ.

---

ಮಕ್ಕಳ ಮೇಷ್ಟ್ರು

ಹೇಳಿದ್ದಿರಿ ಸರ್, ಕಾರಣ ಮಾತ್ರ ಬೇರೆ ಕೊಟ್ಟಿದ್ದಿರಿ. ಸಿಆರ್‌ಪಿ ನಾರ್ಮಲ್ ಅಂತ. ಆಮೇಲೆ ಇನ್ನೂ ಖಚಿತ ಇಲ್ಲ. 26 ಗಂಟೆ ನೀರು ಒಡೆದ ತಾಯಿ, ನಾಲ್ಕೈದು ಒಳ ಪರೀಕ್ಷೆ. ಕೈಗವಸಿನಿಂದಲೇ ಏರಿರಬಹುದು.

---

ಪಿಜಿ ಎರಡನೇ ವರ್ಷ

ನಾಳೆ ಬೆಳಿಗ್ಗೆ ನರ್ಸಿಂಗ್ ಇನ್‌ಚಾರ್ಜ್ ಜೊತೆ ಲೇಬರ್ ರೂಮ್‌ಗೆ ಹೋಗುತ್ತಿದ್ದೇನೆ, ಸ್ಯಾಂಪಲ್ ಬಾಟಲಿ ಲ್ಯಾಬ್‌ನಿಂದ ತರಿಸಿದ್ದೇನೆ. ಯಾರಿಗೂ ಮುಂಚೆ ಹೇಳಿಲ್ಲ, ಹೇಳಿದರೆ ರಾತ್ರಿಯೇ ತೊಳೆದುಬಿಡುತ್ತಾರೆ. ಒಬ್ಬ ಪಿಜಿ ಹೀಗೆ ಮಾಡಿದರೆ ಒಬಿಜಿಯವರು ಬಿಡುತ್ತಾರಾ, ಅದೇ ಯೋಚನೆ.

---

ಎಸ್‌ಎನ್‌ಸಿಯು ಸಿಸ್ಟರ್

ಇನ್‌ಫೆಕ್ಷನ್ ಕಂಟ್ರೋಲ್ ಕಮಿಟಿ ಹೆಸರಲ್ಲಿ ಒಂದು ಚೀಟಿ ಬರೆಸಿಕೊಂಡು ಹೋಗಿ. ಬೆಳಗಿನ ಶಿಫ್ಟ್ ಬದಲಾಗುವ ಮುಂಚೆ, ಏಳೂವರೆಗೇ ಹೋಗಿ. ಎಂಟಾದರೆ ಎಲ್ಲಾ ತೊಳೆದಿರುತ್ತಾರೆ.